ಕಾರ್ಡು ಮಗುಚುವ ಮುನ್ನ

ಟ್ಯಾರೋ ಕಟ್ಟಿನಲ್ಲಿ ‘ಏಟ್ ಆಫ್ ಕಪ್ಸ್’ ಎಂಬ ಕಾರ್ಡೊಂದಿದೆ. ಚಿತ್ರದ ಮುಂಭಾಗದಲ್ಲಿ ಎಂಟು ಬಟ್ಟಲುಗಳು, ಕೆಳಗೆ ಐದು, ಮೇಲೆ ಮೂರು. ಅವುಗಳ ಹಿಂದೆ ಕೆಂಪು ಬಟ್ಟೆ ತೊಟ್ಟ ಒಬ್ಬ ಮನುಷ್ಯ ಕೋಲೂರಿಕೊಂಡು ಬೆಟ್ಟದ ಕಡೆಗೆ ನಡೆದುಹೋಗುತ್ತಿದ್ದಾನೆ. ಮೇಲೆ ಚಂದ್ರ. ಆತನ ಬೆನ್ನು ನಮ್ಮ ಕಡೆಗಿದೆ, ಮುಖ ಕಾಣುವುದಿಲ್ಲ. ಟ್ಯಾರೋ ಗೊತ್ತೇ ಇಲ್ಲದವರ ಕೈಗೆ ಈ ಕಾರ್ಡು ಕೊಟ್ಟು ಏನು ನಡೆಯುತ್ತಿದೆ ಎಂದು ಕೇಳಿ, ‘ಯಾರೋ ಬಿಟ್ಟು ಹೋಗ್ತಿದ್ದಾರೆ’ ಎನ್ನುತ್ತಾರೆ. ಇದೇ ಕಾರ್ಡು, ಎರಡು ವಾರದಿಂದ ಫೋನ್ ಮಾಡದ ಹುಡುಗನ ಬಗ್ಗೆ ಕೇಳಿಕೊಂಡು ಕೂತ ಹುಡುಗಿಗೆ ಬರಲಿ. ‘ಅವನು ಹಳೆಯದನ್ನೆಲ್ಲ ಬಿಟ್ಟು ಹೊರಟಿದ್ದಾನೆ, ಹೊರಟಿರುವುದು ನನ್ನ ಕಡೆಗೇ’ ಎಂದು ಅವಳು ಓದುತ್ತಾಳೆ. ಚಿತ್ರದಲ್ಲಿ ಅಂಥ ಸುಳಿವು ಒಂದೂ ಇಲ್ಲ. ಆದರೆ ಅಲ್ಲವೆಂದು ಸಾಧಿಸಿ ತೋರಿಸುವುದೂ ಕಷ್ಟ, ಏಕೆಂದರೆ ಆ ಮನುಷ್ಯ ಎಲ್ಲಿಗೆ ಹೊರಟಿದ್ದಾನೆ ಎಂಬುದನ್ನು ಚಿತ್ರ ಹೇಳುವುದಿಲ್ಲ.

ಈಗ ಟ್ಯಾರೋ ಕಲಿಯಲು ಹೊರಡುವವರಲ್ಲಿ ಬಹಳಷ್ಟು ಜನರ ಕೈಯಲ್ಲಿರುವುದು 1909ರಲ್ಲಿ ಲಂಡನ್ನಿನ ರೈಡರ್ ಪ್ರಕಾಶನ ಹೊರತಂದ ಕಟ್ಟು, ಇಲ್ಲವೇ ಅದನ್ನು ಅನುಸರಿಸಿ ಬರೆದ ಇನ್ನೊಂದು. ಕಲ್ಪನೆ ಆರ್ಥರ್ ಎಡ್ವರ್ಡ್ ವೇಟ್ ಎಂಬಾತನದು, ಚಿತ್ರ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಒಟ್ಟು 78 ಕಾರ್ಡು. ಅದರಲ್ಲಿ 22 ದೊಡ್ಡ ಕಾರ್ಡುಗಳು, ಉಳಿದ 56 ಇಸ್ಪೀಟಿನ ಹಾಗೆ ನಾಲ್ಕು ಬಣ್ಣಗಳಲ್ಲಿ ಹಂಚಿಹೋಗಿವೆ. ಅದಕ್ಕೂ ಹಿಂದಿನ ಬಹುತೇಕ ಕಟ್ಟುಗಳಲ್ಲಿ ಚಿಕ್ಕ ಕಾರ್ಡುಗಳೆಂದರೆ ಬರೀ ಗುರುತುಗಳು, ಎಂಟು ಬಟ್ಟಲಿನ ಕಾರ್ಡಿನಲ್ಲಿ ಎಂಟು ಬಟ್ಟಲು, ಅಷ್ಟೇ. ಸ್ಮಿತ್ ಪ್ರತಿಯೊಂದಕ್ಕೂ ಒಂದು ದೃಶ್ಯ ಬರೆದಳು, ಮನುಷ್ಯರನ್ನು ತಂದಳು. ಹೊಸಬರಿಗೆ ಈ ಕಟ್ಟು ಸುಲಭವಾಗಿ ಒಲಿಯುವುದು ಇದರಿಂದಲೇ, ಮೋಸ ಹೋಗುವುದೂ ಇದರಿಂದಲೇ. ಪ್ರತಿ ಕಾರ್ಡೂ ಅರ್ಧ ಕಥೆ ಹೇಳಿ ನಿಲ್ಲಿಸುತ್ತದೆ. ಉಳಿದರ್ಧವನ್ನು ಓದುವವರ ಆಸೆ ತುಂಬುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಕಾರ್ಡುಗಳು ಇನ್ನೊಬ್ಬರ ಮನಸ್ಸಿನಲ್ಲಿರುವುದನ್ನು ತಿಳಿಸುತ್ತವೆ ಎಂಬುದಕ್ಕೆ ಪುರಾವೆ ಇಲ್ಲ. ಹಾಗಿದ್ದೂ ಜನ ಕಾರ್ಡು ತೆಗೆಯುತ್ತಾರೆ. ಕೆಲವರು ನಂಬಿಕೆಯಿಂದ ತೆಗೆಯುತ್ತಾರೆ. ಇನ್ನು ಕೆಲವರು ತಮ್ಮೊಳಗೆ ಗೊಂದಲವಾಗಿ ಬಿದ್ದಿರುವುದನ್ನು ಚಿತ್ರವೊಂದರ ಮುಂದಿಟ್ಟು ನೋಡಿಕೊಳ್ಳುವುದಕ್ಕೆಂದು ತೆಗೆಯುತ್ತಾರೆ. ಈ ಇಬ್ಬರಿಗೂ ಒಂದು ಶಿಸ್ತು ಬೇಕು. ನಂಬುವವರು ತಮ್ಮ ಆಸೆಯನ್ನೇ ಕಾರ್ಡಿನ ಮಾತೆಂದು ಕೇಳಿಸಿಕೊಂಡರೆ ಅವರು ಕಾರ್ಡು ಕೇಳಿದ್ದಕ್ಕೆ ಅರ್ಥವೇ ಇರುವುದಿಲ್ಲ. ನಂಬದವರು ಹಾಗೆ ಮಾಡಿದರೆ ತಮ್ಮ ಮನಸ್ಸನ್ನು ನೋಡಿಕೊಳ್ಳಲು ಸಿಕ್ಕ ಅವಕಾಶವೇ ಹೋಯಿತು.

ಪ್ರೀತಿಸಿದವರ ವಿಷಯಕ್ಕೆ ಬಂದಾಗ ಇದು ಎಲ್ಲಕ್ಕಿಂತ ಕಷ್ಟ. ಕೆಲಸದ ಬಗ್ಗೆಯೋ ಮನೆ ಬದಲಾಯಿಸುವ ಬಗ್ಗೆಯೋ ಕಾರ್ಡು ತೆಗೆದಾಗ ಉತ್ತರ ಹೀಗೂ ಇರಬಹುದು, ಹಾಗೂ ಇರಬಹುದು ಎಂಬಷ್ಟು ಜಾಗ ಮನಸ್ಸಿನಲ್ಲಿರುತ್ತದೆ. ‘ಅವನಿಗೆ ನನ್ನ ಮೇಲೆ ಪ್ರೀತಿ ಇದೆಯಾ’ ಎಂಬ ಪ್ರಶ್ನೆಗೆ ಆ ಜಾಗವಿರುವುದಿಲ್ಲ. ಉತ್ತರ ಮೊದಲೇ ಬೇಕಾಗಿರುತ್ತದೆ, ಅದಕ್ಕೊಂದು ಕಾರ್ಡು ಹುಡುಕುತ್ತಿರುತ್ತೇವೆ.

ಹೇಗೆ ಹುಡುಕುತ್ತೇವೆ ಎಂಬುದನ್ನು ಹತ್ತಿರದಿಂದ ನೋಡಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಆ ಹುಡುಗಿ ಮೂರು ಕಾರ್ಡು ತೆಗೆಯುತ್ತಾಳೆ. ಮೊದಲನೆಯದು ಅವನು, ಎರಡನೆಯದು ಇಬ್ಬರ ನಡುವೆ ಇರುವುದು, ಮೂರನೆಯದು ಮುಂದೆ ಆಗುವುದು. ಮೊದಲನೆಯದು ‘ಫೋರ್ ಆಫ್ ಕಪ್ಸ್’. ಮರದಡಿ ಕೈಕಟ್ಟಿ ಕೂತ ಯುವಕ, ಮುಂದೆ ಮೂರು ಬಟ್ಟಲು, ಮೋಡದಿಂದ ಬಂದ ಕೈಯೊಂದು ನಾಲ್ಕನೆಯ ಬಟ್ಟಲನ್ನು ಚಾಚುತ್ತಿದೆ. ಎರಡನೆಯದು ‘ಟೂ ಆಫ್ ಸ್ವೋರ್ಡ್ಸ್’. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸು ಎರಡು ಕತ್ತಿಗಳನ್ನು ಎದೆಯ ಮೇಲೆ ಅಡ್ಡ ಹಿಡಿದು ಕೂತಿದ್ದಾಳೆ, ಹಿಂದೆ ನೀರು. ಮೂರನೆಯದು ನಾವು ಮೊದಲೇ ನೋಡಿದ ಏಟ್ ಆಫ್ ಕಪ್ಸ್.

ಅವಳ ಓದು ಹೀಗೆ ಸಾಗುತ್ತದೆ. ಅವನು ಯಾವುದೋ ಯೋಚನೆಯಲ್ಲಿ ಮುಳುಗಿದ್ದಾನೆ, ಆ ಚಾಚಿದ ಬಟ್ಟಲು ನಾನೇ, ಅವನಿನ್ನೂ ನೋಡಿಲ್ಲ, ನೋಡುತ್ತಾನೆ. ನಡುವೆ ಇರುವುದು ಅವನ ಗೊಂದಲ. ಮುಂದೆ ಅವನು ಹಳೆಯದನ್ನು ಬಿಟ್ಟು ಬರುತ್ತಾನೆ. ಇಷ್ಟು ಓದಿದ ಮೇಲೂ ಮನಸ್ಸು ಸಮಾಧಾನವಾಗಿಲ್ಲ, ಮೂರನೆಯ ಕಾರ್ಡು ಚುಚ್ಚುತ್ತಿದೆ. ಹಾಗಾಗಿ ಪ್ರತಿ ಕಾರ್ಡಿಗೂ ಒಂದೊಂದು ‘ಕ್ಲಾರಿಫೈಯರ್’ ತೆಗೆಯುತ್ತಾಳೆ. ಅಂದರೆ ಮೊದಲ ಕಾರ್ಡು ಸ್ಪಷ್ಟವಾಗದಿದ್ದಾಗ ಅದರ ಮೇಲೆ ಇಡುವ ಇನ್ನೊಂದು ಕಾರ್ಡು. ಮೊದಲ ಎರಡರಲ್ಲಿ ಹೇಳಿಕೊಳ್ಳುವಂಥದ್ದೇನೂ ಬರುವುದಿಲ್ಲ. ಮೂರನೆಯದರ ಮೇಲೆ ‘ನೈಟ್ ಆಫ್ ಕಪ್ಸ್’ ಬರುತ್ತದೆ. ಕೈಯಲ್ಲಿ ಬಟ್ಟಲು ಹಿಡಿದು ನಿಧಾನವಾಗಿ ಕುದುರೆಯ ಮೇಲೆ ಬರುತ್ತಿರುವ ಸವಾರ. ಬಂದೇ ಬರುತ್ತಾನೆ ಎಂದು ಕಾರ್ಡು ಹೇಳಿತು. ಮಾರನೆಯ ದಿನ ಗೆಳತಿಗೆ ಹೇಳುವಾಗ ಅವಳ ನೆನಪಿನಲ್ಲಿ ಉಳಿದಿರುವುದು ಆ ಸವಾರ ಒಬ್ಬನೇ.

ಈ ಇಡೀ ಓದಿನಲ್ಲಿ ಸುಳ್ಳು ಹೇಳಿದ್ದು ಎಲ್ಲೂ ಇಲ್ಲ. ಪ್ರತಿಯೊಂದು ಹೆಜ್ಜೆಯೂ ಯಾವುದಾದರೊಂದು ಟ್ಯಾರೋ ಪುಸ್ತಕದಲ್ಲಿ ಸಮರ್ಥನೆ ಪಡೆಯಬಲ್ಲದು. ತಪ್ಪಿರುವುದು ಯಾವಾಗ ನಿಲ್ಲಿಸಿದಳು ಎಂಬಲ್ಲಿ. ಬೇಕಾದ ಕಾರ್ಡು ಬಂದಾಗ ನಿಲ್ಲಿಸಿದಳು.

ಲೆಕ್ಕ ಹಾಕಿ ನೋಡಿದರೆ ಇದರ ತೂಕ ತಿಳಿಯುತ್ತದೆ. ಪ್ರೀತಿಯ ಪ್ರಶ್ನೆಗೆ ‘ಹೌದು’ ಎಂದು ಸುಲಭವಾಗಿ ಓದಬಹುದಾದ 12 ಕಾರ್ಡುಗಳಿವೆ ಎಂದಿಟ್ಟುಕೊಳ್ಳಿ. ಲವರ್ಸ್, ಎಂಪ್ರೆಸ್, ಸ್ಟಾರ್, ಸನ್, ವರ್ಲ್ಡ್ ಎಂಬ ಐದು ದೊಡ್ಡ ಕಾರ್ಡು, ಕಪ್ಸ್‌ನ ಒಂದು, ಎರಡು, ಆರು, ಒಂಬತ್ತು, ಹತ್ತು ಮತ್ತು ನೈಟ್, ಜೊತೆಗೆ ಫೋರ್ ಆಫ್ ವಾಂಡ್ಸ್. 78ರಿಂದ ಮೂರು ಕಾರ್ಡು ತೆಗೆದರೆ ಇವುಗಳಲ್ಲಿ ಒಂದಾದರೂ ಬರುವ ಸಾಧ್ಯತೆ ನೂರಕ್ಕೆ ಸುಮಾರು 40. ಇನ್ನೂ ಮೂರು ತೆಗೆದರೆ ಅದು 65ಕ್ಕೆ ಏರುತ್ತದೆ. ಅದೂ ಸಾಲದೆ ಮತ್ತೆ ಮೂರು ತೆಗೆದರೆ 80. ಇದರಲ್ಲಿ ಪ್ರೀತಿಯೂ ಇಲ್ಲ, ಪ್ರೀತಿಸಿದವನೂ ಇಲ್ಲ, ಕಟ್ಟಿನ ಗಾತ್ರ ಮಾತ್ರ ಇದೆ. ಸಾಕಷ್ಟು ಹೊತ್ತು ತೆಗೆಯುತ್ತಾ ಹೋದವರಿಗೆ ಸವಾರ ಬಂದೇ ಬರುತ್ತಾನೆ.

ಬೇಡದ ಉತ್ತರ ಬಂದಾಗ ಇನ್ನೊಮ್ಮೆ ಪರೀಕ್ಷಿಸುವುದು ಟ್ಯಾರೋ ಓದುವವರಿಗೆ ಮಾತ್ರ ಅಂಟಿದ ಅಭ್ಯಾಸವಲ್ಲ. ಪೀಟರ್ ಡಿಟ್ಟೋ ಮತ್ತು ಡೇವಿಡ್ ಲೋಪೆಝ್ ಎಂಬ ಮನಶ್ಶಾಸ್ತ್ರಜ್ಞರು 1992ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ವಿದ್ಯಾರ್ಥಿಗಳಿಗೆ ಒಂದು ಪಟ್ಟಿ ಕಾಗದ ಕೊಟ್ಟು, ಇದಕ್ಕೆ ಎಂಜಲು ತಾಗಿಸಿದರೆ ದೇಹದಲ್ಲಿ ಒಂದು ಕಿಣ್ವದ ಕೊರತೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ ಎಂದು ಹೇಳಿದರು. ನಿಜದಲ್ಲಿ ಆ ಕಾಗದ ಬಣ್ಣ ಬದಲಾಯಿಸುವಂಥದ್ದೇ ಅಲ್ಲ. ಬಣ್ಣ ಬದಲಾಗದಿದ್ದರೆ ಆರೋಗ್ಯ ಚೆನ್ನಾಗಿದೆ ಎಂದು ಒಂದು ಗುಂಪಿಗೆ ಹೇಳಿದ್ದರು, ಬದಲಾಗದಿದ್ದರೆ ಕೊರತೆ ಇದೆ ಎಂದು ಇನ್ನೊಂದಕ್ಕೆ. ಇಬ್ಬರ ಕೈಯಲ್ಲಿದ್ದದ್ದೂ ಒಂದೇ ಕಾಗದ. ಆದರೆ ಕೆಟ್ಟ ಸುದ್ದಿ ಎದುರಾದ ಗುಂಪು ಹೆಚ್ಚು ಹೊತ್ತು ಕಾದು ಕೂತಿತು, ಅದರಲ್ಲಿ ಹೆಚ್ಚು ಜನ ಕಾಗದವನ್ನು ಮತ್ತೆ ಮತ್ತೆ ಅದ್ದಿ ನೋಡಿದರು. ಒಳ್ಳೆಯ ಸುದ್ದಿ ಸಿಕ್ಕವರಿಗೆ ಮೊದಲ ಸಲವೇ ಸಾಕಾಯಿತು. ಆ ಹುಡುಗಿಗೆ ಮೊದಲ ಮೂರರಲ್ಲೇ ನೈಟ್ ಆಫ್ ಕಪ್ಸ್ ಬಂದಿದ್ದರೆ ಕ್ಲಾರಿಫೈಯರ್ ನೆನಪೇ ಆಗುತ್ತಿರಲಿಲ್ಲ.

ಇದಕ್ಕೆ ಪರಿಹಾರವೆಂದು ಹೊಸಬರಿಗೆ ಸಾಮಾನ್ಯವಾಗಿ ಸಿಗುವ ಬುದ್ಧಿಮಾತು ಒಂದೇ: ಮನಸ್ಸು ಶಾಂತ ಮಾಡಿಕೊಂಡು, ನಿಷ್ಪಕ್ಷಪಾತವಾಗಿ ಓದು. ಕೇಳಲು ಚೆನ್ನಾಗಿದೆ, ಕೆಲಸ ಮಾಡುವುದಿಲ್ಲ. ಚಾರ್ಲ್ಸ್ ಲಾರ್ಡ್, ಮಾರ್ಕ್ ಲೆಪ್ಪರ್, ಎಲಿಜಬೆತ್ ಪ್ರೆಸ್ಟನ್ 1984ರಲ್ಲಿ ಇದನ್ನೇ ಪರೀಕ್ಷಿಸಿದರು. ಮರಣದಂಡನೆಯ ಪರ ಮತ್ತು ವಿರೋಧ ಗಟ್ಟಿ ಅಭಿಪ್ರಾಯ ಇದ್ದವರಿಗೆ ಆ ವಿಷಯದ ಸಂಶೋಧನೆಗಳನ್ನು ಓದಲು ಕೊಟ್ಟರು. ಒಂದು ಗುಂಪಿಗೆ ‘ಆದಷ್ಟೂ ನಿಷ್ಪಕ್ಷಪಾತವಾಗಿ ತೂಗಿ ನೋಡಿ’ ಎಂದು ಹೇಳಿದರು. ಆ ಗುಂಪಿನವರು ಏನೂ ಹೇಳಿಸಿಕೊಳ್ಳದವರಷ್ಟೇ ಪಕ್ಷಪಾತಿಗಳಾಗಿ ಓದಿದರು. ಇನ್ನೊಂದು ಗುಂಪಿಗೆ ಹೇಳಿದ್ದು ಬೇರೆ: ಪ್ರತಿ ಹಂತದಲ್ಲೂ, ಇದೇ ಅಧ್ಯಯನದ ಫಲಿತಾಂಶ ಉಲ್ಟಾ ಬಂದಿದ್ದರೆ ಇದನ್ನು ಹೀಗೆಯೇ ಮೆಚ್ಚುತ್ತಿದ್ದೆನೇ, ಹೀಗೆಯೇ ತೆಗಳುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಈ ಗುಂಪಿನ ಓದು ಮಾತ್ರ ಬದಲಾಯಿತು. ಪಕ್ಷಪಾತ ಮಾಡುವವರಿಗೆ ತಾವು ಮಾಡುತ್ತಿದ್ದೇವೆ ಎಂದು ಅನ್ನಿಸುವುದೇ ಇಲ್ಲ, ಹಾಗಾಗಿ ಬಿಡು ಎಂದರೆ ಏನನ್ನು ಬಿಡಬೇಕು ಎಂದು ಗೊತ್ತಾಗುವುದಿಲ್ಲ. ಕೈಗೆ ಒಂದು ನಿರ್ದಿಷ್ಟ ಕೆಲಸ ಕೊಟ್ಟರೆ ಮಾಡುತ್ತಾರೆ. ಟ್ಯಾರೋದಲ್ಲಿ ಆ ಕೆಲಸದ ಬಹುಪಾಲು ಕಾರ್ಡು ಮಗುಚುವ ಮುನ್ನವೇ ಮುಗಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾರ್ಡು ಕಣ್ಣಿಗೆ ಬಿದ್ದ ಮೇಲೆ ಆಸೆಗೆ ಜಾಗ ಸಿಕ್ಕಿಬಿಡುತ್ತದೆ.

ನಮ್ಮಲ್ಲಿ ದೇವರ ಮುಂದೆ ಹೂ ಕೇಳುವವರು ಈ ಶಿಸ್ತನ್ನು ಮೊದಲಿನಿಂದ ಪಾಲಿಸಿಕೊಂಡು ಬಂದಿದ್ದಾರೆ. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ ಎಂದು ಮೊದಲೇ ಬಾಯಿಬಿಟ್ಟು ಹೇಳಿ, ಆಮೇಲೆ ಕಾಯುತ್ತಾರೆ. ಹೂ ಬಿದ್ದ ಮೇಲೆ ಎಡ ಎಂದರೇನು ಎಂದು ಕೂತು ವ್ಯಾಖ್ಯಾನ ಮಾಡುವುದಿಲ್ಲ. ಟ್ಯಾರೋ ಹೊಸಬರು ಮಾಡಬೇಕಾದದ್ದೂ ಹೆಚ್ಚು ಕಡಿಮೆ ಅದೇ.

ಮೊದಲು ಒಂದು ನೋಟ್‌ಬುಕ್ಕಿನಲ್ಲಿ, ಕಾರ್ಡು ಕಲೆಸುವುದಕ್ಕೂ ಮುಂಚೆ, ತನಗೆ ಯಾವ ಉತ್ತರ ಬೇಕು ಎಂಬುದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಬೇಕು. ‘ಅವನಿಗೆ ನನ್ನ ನೆನಪು ಕಾಡುತ್ತಿದೆ, ಹೆದರಿಕೆಯಿಂದ ಸುಮ್ಮನಿದ್ದಾನೆ ಎಂದು ಕಾರ್ಡು ಹೇಳಲಿ.’ ಹೀಗೆ, ಮುಚ್ಚುಮರೆ ಇಲ್ಲದೆ. ಅದರ ಕೆಳಗೆ, ಯಾವ ಉತ್ತರಕ್ಕೆ ಹೆದರುತ್ತಿದ್ದೇನೆ ಎಂಬುದು ಇನ್ನೊಂದು ಸಾಲು. ‘ಅವನಿಗೆ ಆಸಕ್ತಿ ಹೋಗಿದೆ, ಹೇಳುವ ಧೈರ್ಯವಿಲ್ಲ.’ ವೇಟ್ ತನ್ನ ಪುಸ್ತಕದಲ್ಲಿ ವಿವರಿಸಿದ ಹತ್ತು ಕಾರ್ಡಿನ ವಿನ್ಯಾಸದಲ್ಲಿ, ಈಗ ಎಲ್ಲರೂ ಕೆಲ್ಟಿಕ್ ಕ್ರಾಸ್ ಎನ್ನುವುದರಲ್ಲಿ, ಒಂಬತ್ತನೆಯ ಸ್ಥಾನ ಕೇಳುವವರ ಆಸೆ ಮತ್ತು ಭಯಕ್ಕೇ ಮೀಸಲು. ಆಸೆಗೂ ಒಂದು ಕುರ್ಚಿ ಕೊಟ್ಟರೆ ಅದು ಎಲ್ಲ ಕುರ್ಚಿಗಳಲ್ಲೂ ಕೂರುವುದಿಲ್ಲ. ಹತ್ತು ಕಾರ್ಡು ಹೊಸಬರಿಗೆ ಹೊರೆಯಾಗುತ್ತದೆ, ಆದ್ದರಿಂದ ಮೂರೇ ಕಾರ್ಡು ತೆಗೆಯುವವರು ಈ ಎರಡು ಸಾಲುಗಳಿಂದ ಅದೇ ಕೆಲಸ ಮಾಡಿಸಿಕೊಳ್ಳಬಹುದು. ಆಮೇಲೆ ಓದು ಬರೆದಾಗ ಅದು ಮೊದಲ ಸಾಲಿನ ಮಾತನ್ನೇ ಮತ್ತೆ ಹೇಳುತ್ತಿದೆಯೇ ಎಂದು ಪಕ್ಕದಲ್ಲಿಟ್ಟು ನೋಡಬಹುದು.

ಆಮೇಲೆ ಪ್ರಶ್ನೆ. ‘ಅವನು ಏನು ಯೋಚಿಸುತ್ತಿದ್ದಾನೆ’ ಎಂಬುದಕ್ಕೆ ಬಂದ ಉತ್ತರವನ್ನು ಸರಿ ತಪ್ಪು ನೋಡುವ ದಾರಿಯೇ ಇಲ್ಲ, ಅವನನ್ನೇ ಕೇಳುವುದನ್ನು ಬಿಟ್ಟು. ಪರೀಕ್ಷೆಗೆ ಸಿಗದ ಪ್ರಶ್ನೆಯಲ್ಲಿ ಆಸೆಗೆ ಯಾವ ಅಡೆತಡೆಯೂ ಇರುವುದಿಲ್ಲ. ಅದಕ್ಕೇ ಪ್ರಶ್ನೆಯನ್ನು ಅವನ ಒಳಗಿನಿಂದ ತೆಗೆದು, ತನಗೆ ಕಾಣುವ ಕಡೆಗೆ ತಂದಿಡಬೇಕು. ‘ಈ ಮೌನದ ಬಗ್ಗೆ ನಾನು ನೋಡದೆ ಬಿಟ್ಟಿರುವುದು ಏನು’, ‘ಈ ಎರಡು ವಾರ ನಾನು ಏನು ಮಾಡಿದೆ’, ‘ಇನ್ನು ಹತ್ತು ದಿನದಲ್ಲಿ ನಾನು ಏನು ಮಾಡಬಹುದು’. ಇಂಥ ಪ್ರಶ್ನೆಗಳಿಗೆ ಇನ್ನೊಂದು ಗುಣವಿದೆ. ಅಲ್ಲಿ ಇಲ್ಲದ ಮನುಷ್ಯನ ಒಳಗನ್ನು ಅವನ ಒಪ್ಪಿಗೆಯಿಲ್ಲದೆ ಕೆದಕುವ ಕೆಲಸ ಅವುಗಳಲ್ಲಿಲ್ಲ. ಅನುಭವಿ ರೀಡರ್‌ಗಳಲ್ಲಿ ಹಲವರು ಮೂರನೆಯವರ ಮನಸ್ಸಿನ ಬಗ್ಗೆ ಕಾರ್ಡು ತೆಗೆಯುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳುವುದು ಇದಕ್ಕೇ, ಅದು ಸರಿಯೆಂದೇ ನನಗೂ ಅನ್ನಿಸುತ್ತದೆ.

ಮೂರನೆಯದಾಗಿ, ಲೆಕ್ಕ ಮತ್ತು ನಿಯಮ. ಎಷ್ಟು ಕಾರ್ಡು, ಯಾವ ಸ್ಥಾನಕ್ಕೆ ಯಾವ ಅರ್ಥ, ತಲೆಕೆಳಗಾಗಿ ಬಂದ ಕಾರ್ಡನ್ನು ಬೇರೆಯಾಗಿ ಓದುತ್ತೇನೋ ಇಲ್ಲವೋ, ಕಲೆಸುವಾಗ ಜಾರಿ ಬಿದ್ದ ಕಾರ್ಡು ಲೆಕ್ಕಕ್ಕೆ ಉಂಟೋ ಇಲ್ಲವೋ, ಕ್ಲಾರಿಫೈಯರ್ ಉಂಟೋ ಇಲ್ಲವೋ. ಎಲ್ಲವನ್ನೂ ಬರೆದಿಡಬೇಕು. ತಲೆಕೆಳಗಾದ ಕಾರ್ಡಿನ ವಿಷಯದಲ್ಲಿ ಹೊಸಬರು ಜಾರುವುದು ಸಾಮಾನ್ಯ. ‘ತ್ರೀ ಆಫ್ ಸ್ವೋರ್ಡ್ಸ್’, ಅಂದರೆ ಮಳೆಯಲ್ಲಿ ಮೂರು ಕತ್ತಿ ಚುಚ್ಚಿಕೊಂಡ ಹೃದಯ, ತಲೆಕೆಳಗಾಗಿ ಬಂದರೆ ‘ಕತ್ತಿ ಕಳಚಿ ಬೀಳುತ್ತಿದೆ, ನೋವು ತೀರುತ್ತಿದೆ’ ಎನ್ನುತ್ತಾರೆ. ‘ಟೂ ಆಫ್ ಕಪ್ಸ್’ ತಲೆಕೆಳಗಾಗಿ ಬಂದರೆ ಮಾತ್ರ ‘ನಾನು ತಲೆಕೆಳಗು ನೋಡುವುದಿಲ್ಲ’ ಎಂದು ತಿರುಗಿಸಿ ಇಟ್ಟುಕೊಳ್ಳುತ್ತಾರೆ. ಎರಡು ನಿಯಮದಲ್ಲಿ ಯಾವುದನ್ನಾದರೂ ಇಟ್ಟುಕೊಳ್ಳಲಿ, ಆದರೆ ಒಂದೇ ಇಟ್ಟುಕೊಳ್ಳಲಿ. ಕ್ಲಾರಿಫೈಯರ್ ವಿಷಯದಲ್ಲಂತೂ, ಪ್ರೀತಿಯ ಪ್ರಶ್ನೆಗೆ ಹೊಸಬರು ಅದನ್ನು ಪೂರ್ತಿ ಬಿಟ್ಟುಬಿಡುವುದು ಒಳ್ಳೆಯದು. ಅರ್ಥವಾಗದ ಕಾರ್ಡಿಗೆ ‘ಅರ್ಥವಾಗಲಿಲ್ಲ’ ಎಂದು ಬರೆದು ಮುಂದಕ್ಕೆ ಹೋಗಬಹುದು.

ಈಗ ಕಾರ್ಡು ಮಗುಚೋಣ. ಮಗುಚಿದ ಕೂಡಲೇ ಅರ್ಥ ಹೇಳಬಾರದು. ಮೊದಲು ಚಿತ್ರದಲ್ಲಿರುವುದನ್ನು ಮಾತ್ರ, ಅವನು ಇವಳು ಎಂದು ಯಾರನ್ನೂ ತರದೆ, ಬರೆಯಬೇಕು. ಅದೇ ಮೂರು ಕಾರ್ಡನ್ನು ಹೀಗೆ ಬರೆದು ನೋಡಿದರೆ ನೋಟ್‌ಬುಕ್ಕಿನಲ್ಲಿ ಇರುವುದು ಇಷ್ಟು: ಒಬ್ಬ ಕೈಕಟ್ಟಿ ಕೂತಿದ್ದಾನೆ, ಕೊಡುತ್ತಿರುವುದನ್ನು ತೆಗೆದುಕೊಂಡಿಲ್ಲ. ಒಬ್ಬಳು ಕಣ್ಣು ಕಟ್ಟಿಕೊಂಡು ಎರಡು ಕತ್ತಿಗಳನ್ನು ಒಂದೇ ಸಮ ಹಿಡಿದಿದ್ದಾಳೆ. ಒಬ್ಬ ಬಟ್ಟಲುಗಳನ್ನು ಹಿಂದೆ ಬಿಟ್ಟು ನಡೆಯುತ್ತಿದ್ದಾನೆ. ಬರೆದ ಮೇಲೆ ಗಮನಕ್ಕೆ ಬರುವುದು ಏನೆಂದರೆ, ಮೂರು ಚಿತ್ರದಲ್ಲಿ ಒಂದರಲ್ಲೂ ಯಾರೂ ಯಾರ ಕಡೆಗೂ ಬರುತ್ತಿಲ್ಲ. ‘ಬರುತ್ತಾನೆ’ ಎಂಬ ಕ್ರಿಯಾಪದ ಅವಳ ಓದಿನಲ್ಲಿ ಎರಡು ಕಡೆ ಇತ್ತು, ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ಆಸೆಯ ಓದನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ: ಓದಿನ ಮುಖ್ಯ ಕ್ರಿಯಾಪದ ಚಿತ್ರದಲ್ಲಿ ಸಿಗಬೇಕು. ಸಿಗದಿದ್ದರೆ ಅದು ನಾವು ಸೇರಿಸಿದ್ದು.

ಇದಾದ ಮೇಲೆ ಲಾರ್ಡ್ ಮತ್ತು ಸಂಗಡಿಗರ ಉಲ್ಟಾ ಪ್ರಶ್ನೆ. ಟ್ಯಾರೋದಲ್ಲಿ ಅದನ್ನು ಕೇಳಿಕೊಳ್ಳುವ ಸುಲಭವಾದ ದಾರಿ, ಪ್ರಶ್ನೆ ಕೇಳಿದವರನ್ನು ಬದಲಾಯಿಸುವುದು. ಗೆಳತಿಯೇ ಪಕ್ಕದಲ್ಲಿ ಕೂತು ‘ಇದೇ ಮೂರು ಕಾರ್ಡು ನಂಗೆ ಬಂದಿದ್ರೆ ನೀನು ಏನ್ ಹೇಳ್ತಿದ್ದೆ ಕಣೇ?’ ಎಂದು ಕೇಳಿದಳು ಎಂದುಕೊಳ್ಳಿ. ಉತ್ತರ ತಟ್ಟನೆ ಬರುತ್ತದೆ: ಅವನಿಗೆ ಈಗ ಏನೂ ರುಚಿಸುತ್ತಿಲ್ಲ, ನೀನು ನೋಡಬೇಕಾದ್ದನ್ನು ನೋಡ್ತಿಲ್ಲ, ಹೊರಟುಹೋಗುವ ಹಾಗೆ ಕಾಣ್ತಿದೆ. ಇನ್ನೊಂದು ದಾರಿ, ಆಸೆಯನ್ನು ತಿರುಗಿಸುವುದು. ನನಗೆ ಈ ಸಂಬಂಧ ಮುಗಿದರೆ ಸಾಕು ಎನ್ನಿಸಿದ್ದರೆ ಈ ಕಾರ್ಡುಗಳನ್ನು ಹೇಗೆ ಓದುತ್ತಿದ್ದೆ? ಅದನ್ನೂ ಪೂರ್ತಿಯಾಗಿ ಬರೆಯಬೇಕು. ಎರಡು ಓದುಗಳನ್ನು ಎದುರುಬದುರು ಇಟ್ಟಾಗ ಎರಡರಲ್ಲೂ ಇರುವ ಮಾತು ಯಾವುದೋ ಅದಷ್ಟನ್ನೇ ಕಾರ್ಡಿನದೆಂದು ಇಟ್ಟುಕೊಳ್ಳಬಹುದು. ಇಲ್ಲಿ ಅಂಥ ಮಾತು ಒಂದಿದೆ. ಎರಡು ಓದಿನಲ್ಲೂ ನಡುವಿನ ಕಾರ್ಡು ಹೇಳುವುದು ನಿರ್ಧಾರವಾಗದೆ ನಿಂತ ವಿಷಯವನ್ನು. ಮೊದಲ ಓದಿನಲ್ಲಿ ಆ ಗೊಂದಲವನ್ನು ಅವಳು ಅವನಿಗೆ ಹಾಕಿದ್ದಳು. ಆದರೆ ಆ ಸ್ಥಾನ ಇಬ್ಬರ ನಡುವಿನದು, ಕಣ್ಣು ಕಟ್ಟಿಕೊಂಡದ್ದು ಅವಳೂ ಇರಬಹುದು. ಎರಡು ವಾರದಿಂದ ಫೋನ್ ಮಾಡಿಲ್ಲ ಎಂದು ಕಾಯುತ್ತಿರುವವಳು ತಾನು ಫೋನ್ ಮಾಡಿದ್ದಳೇ? ಕಾರ್ಡು ಕೇಳದ ಪ್ರಶ್ನೆ ಇದು, ಆದರೆ ಕಾರ್ಡಿನ ಮುಂದೆ ಕೂತಿದ್ದರಿಂದ ಏಳುವ ಪ್ರಶ್ನೆ. ಒಬ್ಬರೇ ಕೂತು ತೆಗೆದ ಕಾರ್ಡಿನಿಂದ ಸಿಗಬಹುದಾದ ಒಳ್ಳೆಯದು ಬಹುಮಟ್ಟಿಗೆ ಇಂಥದ್ದು.

ಉಲ್ಟಾ ಓದು ಇನ್ನೊಂದು ಕಡೆಯಿಂದಲೂ ಕಾಪಾಡುತ್ತದೆ. ಪ್ರೀತಿಯಲ್ಲಿ ಎಲ್ಲರೂ ಆಸೆಯಿಂದಲೇ ಓದುವುದಿಲ್ಲ, ಕೆಲವರು ಭಯದಿಂದ ಓದುತ್ತಾರೆ. ಊರಿಂದ ದೂರ ಇರುವ ಮಗನ ಬಗ್ಗೆ ಕಾರ್ಡು ತೆಗೆದ ತಾಯಿಗೆ ‘ಟವರ್’ ಬಂದರೆ, ಸಿಡಿಲು ಹೊಡೆದು ಜನ ಕೆಳಗೆ ಬೀಳುತ್ತಿರುವ ಆ ಗೋಪುರ ನೋಡಿ ಅವಳ ಎದೆ ಒಡೆಯುತ್ತದೆ. ಜೊತೆಗೆ ಬಂದ ‘ಸನ್’ ಆಕೆಗೆ ಕಾಣುವುದೇ ಇಲ್ಲ. ಯಂತ್ರ ಅದೇ, ಓಡುತ್ತಿರುವುದು ಇನ್ನೊಂದು ದಿಕ್ಕಿಗೆ. ಹೆದರಿಕೆಯ ಓದನ್ನು ಜನ ಪ್ರಾಮಾಣಿಕತೆ ಎಂದು ತಪ್ಪು ತಿಳಿಯುತ್ತಾರೆ. ಕೆಟ್ಟದ್ದನ್ನು ಒಪ್ಪಿಕೊಂಡೆ, ಆದ್ದರಿಂದ ನಿಜವನ್ನು ನೋಡಿದೆ ಎಂದುಕೊಳ್ಳುತ್ತಾರೆ. ಮೊದಲೇ ಬರೆದ ಎರಡನೆಯ ಸಾಲು, ಹೆದರಿಕೆಯ ಸಾಲು, ಕೆಲಸಕ್ಕೆ ಬರುವುದು ಇಲ್ಲಿ.

ಕೊನೆಯ ಕೆಲಸ ತಾರೀಖು ಹಾಕುವುದು. ಓದಿನಿಂದ ಪರೀಕ್ಷಿಸಿ ನೋಡಬಹುದಾದ ಒಂದೇ ಒಂದು ಮಾತನ್ನು ಎತ್ತಿ, ಯಾವ ದಿನಕ್ಕೆ ಅದನ್ನು ನೋಡುತ್ತೇನೆ, ಏನಾದರೆ ತಪ್ಪೆಂದು ಒಪ್ಪಿಕೊಳ್ಳುತ್ತೇನೆ ಎಂದು ಬರೆಯಬೇಕು. ‘ಸಂಬಂಧದಲ್ಲಿ ಬದಲಾವಣೆ ಬರುತ್ತದೆ’ ಎಂಬುದು ಬೇಡ, ಅದು ಯಾವತ್ತೂ ತಪ್ಪಾಗುವುದಿಲ್ಲ. ‘ಈ ತಿಂಗಳ ಕೊನೆಯೊಳಗೆ ಅವನು ತಾನಾಗಿಯೇ ಮಾತಾಡಿಸುವುದಿಲ್ಲ’ ಎಂಬುದು ಬೇಕು. ನೆನಪನ್ನು ನಂಬಿ ಕೂತರೆ ಆಗದು. ಬರೂಕ್ ಫಿಶ್‌ಹಾಫ್ ಮತ್ತು ರೂತ್ ಬೇಯ್ತ್ ಇಸ್ರೇಲಿನ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಮಾಡಿ 1975ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ಅಮೆರಿಕದ ಅಧ್ಯಕ್ಷ ನಿಕ್ಸನ್ 1972ರಲ್ಲಿ ಚೀನಾ ಮತ್ತು ಸೋವಿಯತ್ ದೇಶಕ್ಕೆ ಹೊರಡುವ ಮುಂಚೆ, ಅಲ್ಲಿ ಏನೇನು ಆಗಬಹುದು, ಯಾವುದಕ್ಕೆ ಎಷ್ಟು ಸಾಧ್ಯತೆ ಎಂದು ಅವರಿಂದ ಬರೆಸಿಕೊಂಡಿದ್ದರು. ಪ್ರವಾಸ ಮುಗಿದ ಮೇಲೆ, ಆಗ ನೀವು ಎಷ್ಟೆಂದು ಬರೆದಿದ್ದಿರಿ ಎಂದು ಕೇಳಿದರು. ನಡೆದ ಘಟನೆಗಳಿಗೆ ತಾವು ಮೊದಲೇ ಹೆಚ್ಚು ಸಾಧ್ಯತೆ ಕೊಟ್ಟಿದ್ದಾಗಿ ವಿದ್ಯಾರ್ಥಿಗಳು ನೆನಪಿಸಿಕೊಂಡರು. ಕಾಗದದಲ್ಲಿ ಇದ್ದದ್ದು ಬೇರೆ. ಟ್ಯಾರೋ ಓದುವವರಲ್ಲಿ ‘ನನ್ನ ಕಾರ್ಡು ಅವತ್ತೇ ಹೇಳಿತ್ತು’ ಎಂಬ ಮಾತು ಹುಟ್ಟುವುದು ಹೀಗೆಯೇ. ಅವನು ಬಂದರೆ ಸವಾರ ನೆನಪಾಗುತ್ತಾನೆ, ಬರದಿದ್ದರೆ ಬೆನ್ನು ತಿರುಗಿಸಿದವನು ನೆನಪಾಗುತ್ತಾನೆ, ಎರಡೂ ಬಾರಿ ಕಾರ್ಡು ಸರಿ. ನೋಟ್‌ಬುಕ್ಕಿನಲ್ಲಿ ಆ ದಿನದ ಓದು ಅಕ್ಷರದಲ್ಲಿ ಇದ್ದರೆ ಮಾತ್ರ ಎರಡರಲ್ಲಿ ಒಂದು ತಪ್ಪಾಗಲು ಸಾಧ್ಯ.

ಇಷ್ಟೆಲ್ಲ ಮಾಡಿದರೂ ಕಾರ್ಡು ಅವನ ಮನಸ್ಸನ್ನು ತಿಳಿಸಿಬಿಡುವುದಿಲ್ಲ. ಈ ಶಿಸ್ತು ತಡೆಯುವುದು ನಮ್ಮ ಆಸೆ ಅವನ ಮಾತಿನ ವೇಷ ಹಾಕಿ ಬರುವುದನ್ನು ಮಾತ್ರ. ಯಾರದೋ ಕಾಯಿಲೆ, ಕಾಣೆಯಾದವರು, ಮನೆಯಲ್ಲಿ ಹೊಡೆತ ಬಡಿತ, ಇಂಥವುಗಳಲ್ಲಿ ಕಾರ್ಡು ತೆಗೆಯಲೇಬಾರದು. ಅಲ್ಲಿ ಆಸೆಯ ಓದಿಗೆ ತೆರಬೇಕಾದ ಬೆಲೆ ತುಂಬಾ ದೊಡ್ಡದು, ಹೋಗಬೇಕಾದ್ದು ಡಾಕ್ಟರ ಹತ್ತಿರ, ಪೊಲೀಸರ ಹತ್ತಿರ, ಮನೆಯವರ ಹತ್ತಿರ.

ಇನ್ನು ಉಳಿದ ಪ್ರಶ್ನೆ, ಒಂದೇ ವಿಷಯಕ್ಕೆ ಮತ್ತೆ ಯಾವಾಗ ಕಾರ್ಡು ತೆಗೆಯಬಹುದು ಎಂಬುದು. ಬರೆದ ತಾರೀಖು ಬರುವ ತನಕ ಬೇಡ, ಇಲ್ಲವೇ ಹೊರಗೆ ಏನಾದರೂ ನಿಜವಾಗಿ ಬದಲಾಗುವ ತನಕ ಬೇಡ. ಹೊರಗೆ ಎಂದರೆ ಒಂದು ಫೋನು, ಒಂದು ಭೇಟಿ, ಒಂದು ಮಾತು. ರಾತ್ರಿ ನಿದ್ದೆ ಬರಲಿಲ್ಲ ಎಂಬುದು ಬದಲಾವಣೆಯಲ್ಲ. ನೋಟ್‌ಬುಕ್ಕಿನ ಪುಟಗಳನ್ನು ತಿರುವಿ ಒಂದೇ ಹೆಸರು ಸಾಲಾಗಿ ಬರುತ್ತಿದ್ದರೆ, ನಡುವೆ ಹೊರಗಿನ ಒಂದು ಘಟನೆಯೂ ಇಲ್ಲದಿದ್ದರೆ, ಆ ಹೆಸರಿನ ಮಟ್ಟಿಗೆ ಕಟ್ಟನ್ನು ಎತ್ತಿಡಬೇಕು. ಬೇರೆ ವಿಷಯಗಳಿಗೆ ತೆಗೆಯಲು ಅಡ್ಡಿಯಿಲ್ಲ. ಆ ಹುಡುಗಿ ಮಾತ್ರ ಮೊದಲು ಫೋನ್ ಎತ್ತಿಕೊಳ್ಳಲಿ. ‘ಎರಡು ವಾರ ಆಯ್ತು, ಮಾತಾಡೋಣ್ವಾ’ ಎಂದು ಕಳಿಸಿದ ಮೆಸೇಜಿಗೆ ಬರುವ ಉತ್ತರ, ಅಥವಾ ಬಾರದೇ ಹೋಗುವ ಉತ್ತರ, 78 ಕಾರ್ಡುಗಳಲ್ಲಿ ಯಾವುದೂ ಹೇಳಲಾಗದ್ದನ್ನು ಹೇಳುತ್ತದೆ. ಅದನ್ನೂ ಅದೇ ಪುಟದಲ್ಲಿ, ತಾರೀಖಿನ ಎದುರು ಬರೆದುಕೊಳ್ಳಲಿ.